ಸಾಲಗಾಮೆ ರಸ್ತೆಯಲ್ಲಿ ಅಂಗಡಿ: 11 ತಿಂಗಳ ಕರಾರಿನೊಳಗೆ 36 ತಿಂಗಳ ಲಾಕಿನ್, ಸಹಿ ಹಾಕಬಹುದಾ?

ಸೂಜಿದಾರ_ಹಾಸನ
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ಈಗ ಸಾಲಗಾಮೆ ರಸ್ತೆಯಲ್ಲಿ ಒಂದು ಅಂಗಡಿ ನೋಡಿದ್ದೇನೆ, ಟೈಲರಿಂಗ್ ಜೊತೆ ಮ್ಯಾಚಿಂಗ್ ಸೆಂಟರ್ ಮಾಡುವ ಆಸೆ. 12 ಅಡಿ ಅಗಲ, 20 ಅಡಿ ಉದ್ದ, ನೆಲಮಹಡಿ. ಬಾಡಿಗೆ 16,000. ಮಾಲೀಕರು ಕೊಟ್ಟ ಕರಡು ಕರಾರಿನಲ್ಲಿ ಇರುವುದು ಹೀಗೆ:

ಕರಾರು 11 ತಿಂಗಳಿಗೆ. ಪ್ರತಿ ನವೀಕರಣಕ್ಕೆ ಬಾಡಿಗೆ 10 ಪರ್ಸೆಂಟ್ ಏರಿಕೆ. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ, ಅಂದರೆ 1,60,000, ಬಾಡಿಗೆ ಏರಿದ ಹಾಗೆ ಅದನ್ನೂ ಹತ್ತು ಪಟ್ಟಿಗೆ ತುಂಬಿಸಿಕೊಡಬೇಕು. 36 ತಿಂಗಳ ಲಾಕಿನ್, ಅಂದರೆ ಬಾಡಿಗೆದಾರರು ಅದಕ್ಕೂ ಮುಂಚೆ ಖಾಲಿ ಮಾಡಿದರೆ ಉಳಿದ ಅವಧಿಯ ಬಾಡಿಗೆ ಕಟ್ಟಬೇಕು. ನೂರು ರೂಪಾಯಿ ಇ-ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ ನೋಟರಿ ಮಾಡಿಸೋಣ ಅಂತಾರೆ.

ರ್‍ಯಾಕ್, ಲೈಟು, ಕನ್ನಡಿ, ಟ್ರಯಲ್ ರೂಮ್ ಎಲ್ಲ ಸೇರಿ ನನಗೆ ಎರಡೂವರೆ ಲಕ್ಷ ಖರ್ಚಾಗುತ್ತೆ. ಇದರಲ್ಲಿ ಹೆದರಬೇಕಾದದ್ದು ಯಾವುದು, ಎಲ್ಲ ಕಡೆ ಇರೋದೇ ಯಾವುದು ಅಂತ ಗೊತ್ತಾಗುತ್ತಿಲ್ಲ. ಗುರುವಾರ ಸಹಿ ಅಂದಿದ್ದಾರೆ.

ಶಟರ್‌ಡೌನ್
ಅಕ್ಕಾ, ತಲೆನೇ ಕೆಡಿಸ್ಕೋಬೇಡಿ. 11 ತಿಂಗಳ ಅಗ್ರಿಮೆಂಟಿಗೆ ರಿಜಿಸ್ಟರ್ ಬೇಡ. ರಿಜಿಸ್ಟರ್ ಆಗದೇ ಇರೋ ಪೇಪರಲ್ಲಿ 36 ತಿಂಗಳ ಲಾಕಿನ್ ಕೋರ್ಟಲ್ಲಿ ನಿಲ್ಲಲ್ಲ. ಕಣ್ಮುಚ್ಚಿ ಸಹಿ ಹಾಕಿ, ವ್ಯಾಪಾರ ಆಗ್ಲಿಲ್ವಾ, ಬೀಗ ಕೊಟ್ಟು ಬನ್ನಿ. ನನ್ನ ಮೊಬೈಲ್ ಅಂಗಡಿನ ಹಂಗೇ ಬಿಟ್ಟೆ.

ಬೇಲೂರು_ಬಸ್
ಹತ್ತು ಪರ್ಸೆಂಟ್ ಏರಿಸೋಕೆ ಅವರು ಯಾರು? ನಗರಸಭೆ ಮಳಿಗೆ ಹರಾಜಿನಲ್ಲಿ ಕೂಗಿದ ಬಾಡಿಗೆ ಅಂತ ಒಂದಿರುತ್ತಲ್ಲ. ಅರ್ಜಿ ಕೊಡಿ, ಅಧಿಕಾರಿಗಳನ್ನ ಕೇಳಿ.

ಸೂಜಿದಾರ_ಹಾಸನ
ಅಣ್ಣಾ, ಇದು ನಗರಸಭೆ ಮಳಿಗೆ ಅಲ್ಲ, ಖಾಸಗಿ ಕಟ್ಟಡ. ಹರಾಜು ಗಿರಾಜು ಏನೂ ಇಲ್ಲ.

ಬೇಲೂರು_ಬಸ್
ಓ ಹಂಗಾ. ಸರಿ ಬಿಡಿ. ಆದ್ರೂ ಬಾಡಿಗೆ ಕಾಯ್ದೆ ಅಂತ ಒಂದಿದೆಯಲ್ಲಾ, ಮನಸೋ ಇಚ್ಛೆ ಏರಿಸೋ ಹಾಗಿಲ್ಲ.

ಹಳೇ_ಪತ್ರಬರಹ
ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆದುಕೊಂಡೇ ಅರ್ಧ ಆಯಸ್ಸು ಕಳೆದವನು ನಾನು. ಒಂದೊಂದಾಗಿ ಹೇಳ್ತೀನಿ ತಾಯಿ.

ಮೊದಲು ಬಾಡಿಗೆ ಕಾಯ್ದೆ ಮಾತು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್ ಒಳಗಿನ ಸಣ್ಣ ಮಳಿಗೆಗಳನ್ನು ಮಾತ್ರ ಒಳಗೆ ಇಟ್ಟುಕೊಂಡಿದೆ. ಅಡಿ ಲೆಕ್ಕದಲ್ಲಿ ಹೆಚ್ಚುಕಡಿಮೆ 150 ಚದರ ಅಡಿ. ನಿಮ್ಮದು 240. ಅದೂ ಅಲ್ಲದೆ ಬಾಡಿಗೆಯ ಮೊತ್ತಕ್ಕೂ ಅಲ್ಲಿ ಮಿತಿ ಇದೆ, 16,000 ಅದನ್ನು ಎಂದೋ ದಾಟಿದೆ. ಹಾಗಾಗಿ ಆ ಕಾಯ್ದೆಯ ಆಸರೆ ನಿಮಗಿಲ್ಲ. ಏರಿಕೆ ಎಷ್ಟು ಅನ್ನೋದು ಪೂರ್ತಿ ನಿಮ್ಮಿಬ್ಬರ ನಡುವಿನ ಮಾತು, ಕಾಗದದಲ್ಲಿ ಬರೆದದ್ದೇ ಲೆಕ್ಕ.

ಇನ್ನು ಶಟರ್‌ಡೌನ್ ಅವರು ಹೇಳಿದ್ದು. ಅರ್ಧ ಸರಿ. ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ನೋಂದಾಯಿಸದಿದ್ದರೆ ಅದರೊಳಗಿನ ಅವಧಿ, ಲಾಕಿನ್ ಇವನ್ನೆಲ್ಲ ಕೋರ್ಟಿನಲ್ಲಿ ಸಾಬೀತು ಮಾಡಲು ಆ ಪತ್ರ ಬರೋದಿಲ್ಲ. ನೀವು ತಿಂಗಳ ಬಾಡಿಗೆದಾರರಾಗಿ ಉಳಿಯುತ್ತೀರಿ. 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಟ್ಟು ನೀವೂ ಹೋಗಬಹುದು, ಅವರೂ ಬಿಡಿಸಬಹುದು. ನೋಟರಿ ಮೊಹರು ಬಿದ್ದರೆ ಅದು ನೋಂದಣಿ ಆಗೋದಿಲ್ಲ. ಈ ತಪ್ಪು ತಿಳಿವಳಿಕೆ ನಮ್ಮೂರಲ್ಲಿ ಬಹಳ.

ಆದರೆ ಉಳಿದರ್ಧ ಇದೆಯಲ್ಲ, ಅದೇ ನಿಮಗೆ ಬೇಕಾದದ್ದು. ನೀವು 14ನೇ ತಿಂಗಳಿಗೆ ಬೀಗದ ಕೈ ಕೊಟ್ಟಿರಿ ಅನ್ನಿ. ಮಾಲೀಕರು ಲಾಕಿನ್‌ಗಾಗಿ ಕೋರ್ಟಿಗೆ ಹೋಗೋದೇ ಇಲ್ಲ. ಯಾಕೆ ಹೋಗಬೇಕು? ನಿಮ್ಮ ಅಡ್ವಾನ್ಸ್ ಅವರ ಕೈಯಲ್ಲೇ ಇದೆ. "ಲಾಕಿನ್ ಮುರಿದಿದ್ದೀರಿ, ವಜಾ" ಅಂತ ಒಂದೇ ಮಾತು. ಕೋರ್ಟಿಗೆ ಅಲೆಯಬೇಕಾದವರು ನೀವು. ಕರಾರಿನ ಲಾಕಿನ್ ಕಾನೂನಿನಲ್ಲಿ ನಿಲ್ಲದಿದ್ದರೂ ಅಡ್ವಾನ್ಸ್ ರೂಪದಲ್ಲಿ ನಿಂತೇ ಇರುತ್ತೆ.

ಐಜಿರೋಡ್_ಕಾಫಿ
ಪತ್ರಬರಹ ಸರ್ ಹೇಳಿದ್ದು ಅಕ್ಷರಶಃ ನನಗಾಗಿದೆ. ಚಿಕ್ಕಮಗಳೂರು ಐಜಿ ರಸ್ತೆಯಲ್ಲಿ ಸಣ್ಣ ಕೆಫೆ ಮಾಡಿದ್ದೆ. ವೀಕೆಂಡ್ ಬಿಟ್ರೆ ಜನ ಇಲ್ಲ, ಒಂದು ವರ್ಷಕ್ಕೇ ಮುಚ್ಚಿದೆ. ನನಗೆ ಲಾಕಿನ್ ಇರಲಿಲ್ಲ, ಆದ್ರೂ ಎರಡು ಲಕ್ಷ ಅಡ್ವಾನ್ಸಲ್ಲಿ ಬಂದಿದ್ದು 1,18,000. ಪೇಂಟಿಂಗ್ ಅಂತ ಒಂದಿಷ್ಟು, ಶಟರ್ ರಿಪೇರಿ ಅಂತ ಒಂದಿಷ್ಟು, ಗೋಡೆಗೆ ಡ್ರಿಲ್ ಹೊಡೆದಿದ್ದಕ್ಕೆ ಒಂದಿಷ್ಟು. ಮೇಲೆ "ಹೊಸಬರು ಬಂದ ಮೇಲೆ ಅವರ ಅಡ್ವಾನ್ಸಲ್ಲಿ ಕೊಡ್ತೀನಿ" ಅಂತ ಐದು ತಿಂಗಳು ಸತಾಯಿಸಿದ್ರು. ಅಷ್ಟರಲ್ಲಿ ನಾನು ಬೀಗದ ಕೈ ಕೊಟ್ಟಾಗಿತ್ತು. ಅದೇ ದೊಡ್ಡ ತಪ್ಪು. ಒಳಗೆ ಹೋದ ದಿನ ಒಂದು ಫೋಟೋನೂ ತೆಗೆದಿರಲಿಲ್ಲ, ಶಟರ್ ಮೊದಲೇ ಸೊಟ್ಟ ಇತ್ತು ಅಂತ ಹೇಗೆ ಹೇಳಲಿ?

ಕಟ್ಟಡದವನು
ಎಲ್ಲರೂ ಮಾಲೀಕರನ್ನ ಬೈತಿದ್ದೀರಿ, ನಮ್ಮ ಕಡೆಯಿಂದಲೂ ಒಂದು ಮಾತು. ನನ್ನದೂ ಮೂರು ಮಳಿಗೆ ಇದೆ. ಒಬ್ಬ ಬಂದ, ಗೋಡೆ ಒಡೆಸಿದ, ಟಾಯ್ಲೆಟ್ ಹಾಕಿಸಿದ, ಏಳು ತಿಂಗಳಿಗೆ ಬಿಟ್ಟು ಹೋದ. ಆಮೇಲೆ ನಾಲ್ಕು ತಿಂಗಳು ಖಾಲಿ. ಬ್ರೋಕರ್‌ಗೆ ಮತ್ತೆ ಒಂದು ತಿಂಗಳ ಬಾಡಿಗೆ. ಕೊನೆ ಮೂರು ತಿಂಗಳ ಕರೆಂಟ್ ಬಿಲ್ಲೂ ನನ್ನ ತಲೆಗೆ ಬಂತು, ಮೀಟರ್ ನನ್ನ ಹೆಸರಲ್ಲಿತ್ತಲ್ಲ. ಲಾಕಿನ್ ಕೇಳೋದು ಆಸೆಬುರುಕತನಕ್ಕಲ್ಲ ಕಣ್ರೀ.

ಹಳೇ_ಪತ್ರಬರಹ
ನೀವು ಹೇಳೋದು ನ್ಯಾಯವೇ ಸ್ವಾಮಿ. ನಿಮ್ಮ ನಷ್ಟ ಎಷ್ಟು? ನಾಲ್ಕು ತಿಂಗಳು ಖಾಲಿ, ಬ್ರೋಕರ್‌ಗೆ ಒಂದು, ಒಟ್ಟು ಐದು ತಿಂಗಳ ಬಾಡಿಗೆ. ಅದಕ್ಕೆ ಸರಿಯಾದ ಲಾಕಿನ್ ಕೇಳಿ, ಯಾರೂ ಬೇಡ ಅನ್ನಲ್ಲ. ಈ ತಾಯಿಯ ಕರಡಿನಲ್ಲಿ ಕೇಳಿರೋದು ಎಷ್ಟು ಅಂತ ಲೆಕ್ಕ ಹಾಕಿದ್ದೀರಾ? ಕಾಗದ ಪೆನ್ನು ಹಿಡಿದು ಕೂತೆ ನಾನು.

14 ತಿಂಗಳು ಮುಗಿಸಿ ಬಿಟ್ಟರೆ 22 ತಿಂಗಳು ಬಾಕಿ. 22ನೇ ತಿಂಗಳವರೆಗಿನ ಎಂಟು ತಿಂಗಳು 17,600ರಂತೆ, ನಂತರದ 11 ತಿಂಗಳು 19,360ರಂತೆ, ಕೊನೆಯ ಮೂರು 21,296ರಂತೆ. ಒಟ್ಟು 4,17,648. ಅಂಗಡಿಗೆ ಮಾರನೇ ದಿನವೇ ಬೇರೆಯವರು ಬಂದರೂ ಇಷ್ಟು ಕೊಡಿ ಅನ್ನುತ್ತೆ ಕರಡು. ಇದು ನಷ್ಟ ತುಂಬಿಸೋದಲ್ಲ, ಒಂದೇ ಅಂಗಡಿಗೆ ಎರಡು ಬಾಡಿಗೆ.

ಇನ್ನೊಂದು, ಬಹಳ ಜನ ಗಮನಿಸದೇ ಇರೋದು. "ಪ್ರತಿ ನವೀಕರಣಕ್ಕೆ 10 ಪರ್ಸೆಂಟ್" ಅಂದಾಗ ನಿಮ್ಮ ಮನಸ್ಸು ವರ್ಷಕ್ಕೆ ಹತ್ತು ಅಂತ ಓದಿಕೊಳ್ಳುತ್ತೆ. ನವೀಕರಣ 11 ತಿಂಗಳಿಗೊಮ್ಮೆ. ಐದು ವರ್ಷದಲ್ಲಿ ನಾಲ್ಕು ಸಲ ಏರಬೇಕಾದದ್ದು ಐದು ಸಲ ಏರುತ್ತೆ. 56ನೇ ತಿಂಗಳಿಗೆ ಬಾಡಿಗೆ 25,768 ಆಗಿ ಕೂತಿರುತ್ತೆ. ಅಡ್ವಾನ್ಸ್ ಹತ್ತು ಪಟ್ಟು ಅಂದರೆ ಅಷ್ಟೊತ್ತಿಗೆ ಎರಡೂವರೆ ಲಕ್ಷ ದಾಟಿರುತ್ತೆ, ಬಡ್ಡಿ ಇಲ್ಲದೆ.

ಸೂಜಿದಾರ_ಹಾಸನ
ಅಯ್ಯೋ, ನಾನು ಹಾಗೇ ಓದಿಕೊಂಡಿದ್ದೆ! ವರ್ಷಕ್ಕೆ ಹತ್ತು ಅಂತಲೇ. ಐದು ವರ್ಷಕ್ಕೆ ಒಟ್ಟು ಎಷ್ಟು ವ್ಯತ್ಯಾಸ ಬರುತ್ತೆ ಸರ್?

ಹಳೇ_ಪತ್ರಬರಹ
11 ತಿಂಗಳಿಗೊಮ್ಮೆ 10 ಆದರೆ ಐದು ವರ್ಷಕ್ಕೆ ಸುಮಾರು 12,03,300. ವರ್ಷಕ್ಕೊಮ್ಮೆ 10 ಆದರೆ 11,72,200. ಒಂದು ತಿಂಗಳ ಹಿಂದುಮುಂದಿಗೆ 31 ಸಾವಿರ.

ಅದೇ ವರ್ಷಕ್ಕೆ 5 ಆದರೆ 10,60,900. ಮೂರು ವರ್ಷ ಏರಿಕೆ ಇಲ್ಲದೆ, ನಾಲ್ಕನೇ ವರ್ಷಕ್ಕೆ ಒಟ್ಟಿಗೆ 15 ಏರಿಸಿದರೆ 10,17,600. ಕೊನೆಯ ಎರಡೂ ಕೇಳೋಕೆ ಒಂದೇ ಥರ ಕಾಣಿಸುತ್ತವೆ, ಮೂರು ಐದು ಹದಿನೈದು ತಾನೆ ಅಂತ. ಆದರೆ 43 ಸಾವಿರ ವ್ಯತ್ಯಾಸ. ಹೊಸ ಅಂಗಡಿಗೆ ಮೊದಲ ಮೂರು ವರ್ಷ ಬಾಡಿಗೆ ಅಲುಗದೇ ಇರೋದು ದೊಡ್ಡ ಉಸಿರು. ಗಿರಾಕಿ ಕಟ್ಟೋ ಕಾಲ ಅದು.

"ಏರಿಕೆ" ಅಂತ ಬರೆಯುವಾಗ ಯಾವುದರ ಮೇಲೆ ಏರಿಕೆ ಅಂತಲೂ ಬರೆಸಿ. ಆಗ ನಡೆಯುತ್ತಿರುವ ಬಾಡಿಗೆಯ ಮೇಲಾ, ಮೊದಲ ದಿನದ 16,000ದ ಮೇಲಾ? ಎಲ್ಲಕ್ಕಿಂತ ಒಳ್ಳೆಯದು ಪರ್ಸೆಂಟೇ ಬೇಡ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇಷ್ಟು ರೂಪಾಯಿ ಅಂತ ವರ್ಷವಾರು ಬರೆಸಿಬಿಡಿ. ಜಗಳಕ್ಕೆ ಜಾಗವೇ ಉಳಿಯಲ್ಲ.

ಶಟರ್‌ಡೌನ್
ಸರ್, ಹಂಗಾದ್ರೆ ಕೊನೆ ಹತ್ತು ತಿಂಗಳು ಬಾಡಿಗೆ ಕೊಡದೇ ಕೂತ್ಕೊಂಡ್ರೆ ಆಯ್ತಲ್ಲ? ಅಡ್ವಾನ್ಸ್ ಅಲ್ಲೇ ಕಳೀತು. ನಾನು ಮಾಡಿದ್ದು ಅದನ್ನೇ.

ಕಟ್ಟಡದವನು
ನೋಡಿದ್ರಾ? ಅಡ್ವಾನ್ಸ್ ಹತ್ತು ತಿಂಗಳು ಕೇಳೋದು ಇಂಥವರಿಗೇ.

ಕರಿಕೋಟು_ಹಾಸನ
ವಕೀಲನಾಗಿ ಒಂದು ಎಚ್ಚರಿಕೆ. ಬಾಡಿಗೆ ನಿಲ್ಲಿಸಿದ ತಕ್ಷಣ ಕರಾರು ಮೊದಲು ಮುರಿದವರು ನೀವಾಗುತ್ತೀರಿ. "ಬಾಡಿಗೆ ಬಾಕಿ ಇದೆ, ಜಾಗ ಬಿಡಿಸಿ" ಅಂತ ದಾವೆ ಹಾಕಲು ಮಾಲೀಕರಿಗೆ ಅದಕ್ಕಿಂತ ಸುಲಭದ ಕಾರಣ ಬೇಕಾಗಿಲ್ಲ. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಲ್ಲಿ ವಜಾ ಮಾಡಿಕೊಳ್ಳಬಹುದು ಅಂತ ಕರಾರಿನಲ್ಲೇ ಬರೆಸಿಕೊಂಡರೆ ಅದು ಬೇರೆ ಮಾತು. ಹಾಗೆ ಬರೆಸಿಕೊಳ್ಳೋದು ನಿಜಕ್ಕೂ ಒಳ್ಳೆಯದು, ಕೊನೆಗೆ ಅವರ ಕೈಯಲ್ಲಿ ಉಳಿಯುವ ದುಡ್ಡು ಕಡಿಮೆಯಾಗುತ್ತೆ.

ಪತ್ರಬರಹ ಅವರು ಹೇಳಿದ 4,17,648ರ ಬಗ್ಗೆ ಒಂದು ಸೇರಿಸುತ್ತೇನೆ. ಪತ್ರ ನೋಂದಣಿ ಆಗಿದ್ದರೂ ಅಷ್ಟೂ ಸಿಗುತ್ತೆ ಅಂತೇನಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ ಬೇರೆ, ಕರಾರು ಕಾಯ್ದೆ ಬೇರೆ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕಾಗದದಲ್ಲಿ ಬರೆದ ಮೊತ್ತ ಮೇಲ್ಮಿತಿ ಅಷ್ಟೆ, ಕೋರ್ಟು ಸಮಂಜಸವಾದ ಪರಿಹಾರ ಕೊಡಿಸುತ್ತೆ. ಅಂಗಡಿ ಬೇಗ ಮತ್ತೆ ಬಾಡಿಗೆಗೆ ಹೋಯಿತಾ, ಹೋಗಿಸಲು ಮಾಲೀಕರು ಪ್ರಯತ್ನ ಮಾಡಿದರಾ ಅನ್ನೋದನ್ನೂ ನೋಡುತ್ತಾರೆ.

ಹಳೇ_ಪತ್ರಬರಹ
ನೋಡುತ್ತಾರೆ ಅನ್ನೋದು ಸರಿ ಸಾರ್. ಆದರೆ ಇಬ್ಬರೂ ತಿಳಿದೇ ಸಹಿ ಹಾಕಿದ್ದೀರಿ ಅಂತ ಲಾಕಿನ್ ಬಾಕಿ ಪೂರ್ತಿ ಕೊಡಿಸಿದ ತೀರ್ಪುಗಳೂ ಇವೆಯಲ್ಲ?

ಕರಿಕೋಟು_ಹಾಸನ
ಇವೆ. ಎರಡೂ ಥರ ಇವೆ, ಕಾಗದದ ಪದಗಳ ಮೇಲೆ, ಸಂದರ್ಭದ ಮೇಲೆ ಹೋಗುತ್ತೆ. ಅದಕ್ಕೇ "ಕೋರ್ಟು ನೋಡಿಕೊಳ್ಳುತ್ತೆ" ಅನ್ನೋ ಧೈರ್ಯದಲ್ಲಿ ಸಹಿ ಹಾಕಬಾರದು. ನೂರು ರೂಪಾಯಿ ಸ್ಟಾಂಪಿನ ಬಗ್ಗೆಯೂ ಹೇಳಿಬಿಡುತ್ತೇನೆ: ಮುದ್ರಾಂಕ ಶುಲ್ಕ ಕಡಿಮೆ ಬಿದ್ದ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಿದರೆ ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆ ಮುಂದಿನ ಮಾತು. ಹಾಜರುಪಡಿಸಬೇಕಾಗಿ ಬರೋದು ಹೆಚ್ಚಾಗಿ ಅಡ್ವಾನ್ಸ್ ಕೇಳಿಕೊಂಡು ಬರುವ ಬಾಡಿಗೆದಾರರಿಗೇ.

ಸೂಜಿದಾರ_ಹಾಸನ
ಓದುತ್ತಾ ಓದುತ್ತಾ ಗಾಬರಿಯೇ ಆಯಿತು. ಒಂದು ಅರ್ಥ ಆಗಲಿಲ್ಲ. ಲಾಕಿನ್ ಬೇಡವೇ ಬೇಡ ಅಂತ ಹೇಳಬೇಕಾ ನಾನು?

ಹಳೇ_ಪತ್ರಬರಹ
ಇಲ್ಲ ತಾಯಿ, ಇಲ್ಲೇ ಎಲ್ಲರೂ ಎಡವೋದು. ಲಾಕಿನ್ ನಿಮಗೂ ಬೇಕು! ಎರಡೂವರೆ ಲಕ್ಷ ಹಾಕಿ ಅಂಗಡಿ ಮಾಡುತ್ತೀರಿ. 11 ತಿಂಗಳಿಗೆ "ನನ್ನ ಮಗ ಅಂಗಡಿ ಹಾಕ್ತಾನೆ, ಬಿಡಿ" ಅಂದರೆ ರ್‍ಯಾಕು ಕನ್ನಡಿ ತಲೆ ಮೇಲೆ ಹೊತ್ತುಕೊಂಡು ಹೋಗುತ್ತೀರಾ? ನಿಮ್ಮ ಕರಡಿನಲ್ಲಿ ಬಾಡಿಗೆದಾರರು 36 ತಿಂಗಳು ಬಿಡುವಂತಿಲ್ಲ ಅಂತಿದೆ. ಮಾಲೀಕರು ಬಿಡಿಸುವಂತಿಲ್ಲ ಅಂತ ಎಲ್ಲಿದೆ? ಎಲ್ಲೂ ಇಲ್ಲ. ಹುಡುಕಿ ನೋಡಿ.

ಲಾಕಿನ್ ಎರಡು ಬೇರೆ ಬೇರೆ ಸಾಲು. ಬಾಡಿಗೆ ಸರಿಯಾಗಿ ಕಟ್ಟುತ್ತಿರುವವರೆಗೆ ಮಾಲೀಕರು ಪೂರ್ತಿ ಐದು ವರ್ಷ ಬಿಡಿಸುವಂತಿಲ್ಲ. ಬಾಡಿಗೆದಾರರು ಒಂದು ವರ್ಷ ಇರಬೇಕು, ಆಮೇಲೆ ಎರಡು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು. ಒಂದು ವರ್ಷದೊಳಗೆ ಹೋದರೂ ಕಟ್ಟಬೇಕಾದದ್ದು ಗರಿಷ್ಠ ಮೂರು ತಿಂಗಳ ಬಾಡಿಗೆ. ಇದು ನಾನು ಬರೆಯುತ್ತಿದ್ದ ಪದ್ಧತಿ. ಕಟ್ಟಡದವನು ಅವರೇ, ನಿಮಗೆ ಒಪ್ಪಿಗೆಯಾ?

ಕಟ್ಟಡದವನು
ಮೂರು ಕಡಿಮೆ. ನಾಲ್ಕು ಆದ್ರೆ ಸಹಿ ಹಾಕ್ತೀನಿ. ಆದ್ರೆ ಐದು ವರ್ಷ ನಾನೇ ಕಟ್ಟಿಬೀಳೋದು ಯೋಚನೆ ಮಾಡಬೇಕು. ಮುಂದೆ ರಸ್ತೆ ಅಗಲ ಮಾಡಿದ್ರೆ, ಕಟ್ಟಡ ಮಾರಬೇಕಾಗಿ ಬಂದ್ರೆ?

ಕರಿಕೋಟು_ಹಾಸನ
ಮಾರಿದರೆ ಗುತ್ತಿಗೆ ಹೊಸ ಮಾಲೀಕರ ಜೊತೆ ಮುಂದುವರಿಯುತ್ತೆ, ಅದಕ್ಕೇನೂ ತೊಂದರೆ ಇಲ್ಲ. ಅಡ್ವಾನ್ಸ್ ಯಾರು ಹಿಂತಿರುಗಿಸಬೇಕು ಅನ್ನೋದನ್ನು ಮಾತ್ರ ಬರೆಸಿ. ಬರೆಸದಿದ್ದರೆ ಹಳಬರು ಹೊಸಬರನ್ನ ತೋರಿಸ್ತಾರೆ, ಹೊಸಬರು ಹಳಬರನ್ನ.

ಐಜಿರೋಡ್_ಕಾಫಿ
ಅಕ್ಕ, ನನ್ನ ಕಡೆಯಿಂದ: ದುಡ್ಡು ಬ್ಯಾಂಕಿನಿಂದಲೇ ಹೋಗಲಿ, ಕ್ಯಾಶ್ ಬೇಡ. ಕೀ ತೊಗೊಳೋ ದಿನ ಶಟರ್, ನೆಲ, ಗೋಡೆ, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಮಾಲೀಕರಿಗೇ ವಾಟ್ಸಾಪ್ ಮಾಡಿ. ಪೇಂಟಿಂಗ್ ಖರ್ಚು ಇಷ್ಟೇ ಅಂತ ಒಂದು ಮೊತ್ತ ಈಗಲೇ ಬರೆಸಿ. ಬೀಗ ಕೊಡೋದೂ ದುಡ್ಡು ಬರೋದೂ ಒಂದೇ ದಿನ ಅಂತಲೂ ಇರಲಿ. ಆ ರ್‍ಯಾಕು ಲೈಟು ನಿಮ್ಮದೇ, ಬಿಚ್ಚಿಕೊಂಡು ಹೋಗ್ತೀನಿ ಅನ್ನೋ ಸಾಲು ಮರೀಬೇಡಿ. ನನ್ನ ಕೌಂಟರ್ ಈಗಲೂ ಅಲ್ಲೇ ಇದೆ, ಬೇರೆಯವರು ಅದರ ಮೇಲೆ ಕಾಫಿ ಮಾರ್ತಿದ್ದಾರೆ.

ಹಳೇ_ಪತ್ರಬರಹ
ಕಾಗದದಲ್ಲಿ ಬರೀ "ಮುಂಗಡ" ಅಂತ ಬರೆಸಬೇಡಿ. ಮುಂಗಡ ಬಾಡಿಗೆ ಅಂತಲೂ ಓದಬಹುದು. "ಹಿಂತಿರುಗಿಸಬೇಕಾದ ಭದ್ರತಾ ಠೇವಣಿ" ಅಂತ ಇರಲಿ.

ಸೂಜಿದಾರ_ಹಾಸನ
ಮೂರು ದಿನ ಆಯಿತು, ಏನಾಯಿತು ಹೇಳುತ್ತೇನೆ. ನಿನ್ನೆ ನಮ್ಮ ಯಜಮಾನರ ಜೊತೆ ಹೋಗಿ ಮಾಲೀಕರ ಹತ್ತಿರ ಕೂತು ಮಾತಾಡಿದೆ. ಲೆಕ್ಕ ಬರೆದುಕೊಂಡು ಹೋಗಿದ್ದೆ, 56ನೇ ತಿಂಗಳ 25,768 ನೋಡಿ ಮಾಲೀಕರೇ ನಕ್ಕರು, "ಇಷ್ಟಾಗುತ್ತೆ ಅಂತ ನನಗೂ ಗೊತ್ತಿರಲಿಲ್ಲಮ್ಮ, ಪಕ್ಕದ ಕಟ್ಟಡದ ಅಗ್ರಿಮೆಂಟ್ ನೋಡಿ ಟೈಪ್ ಮಾಡಿಸಿದ್ದು" ಅಂದರು. ವರ್ಷಕ್ಕೆ 6 ಪರ್ಸೆಂಟಿಗೆ ಇಳಿದರು, ರೂಪಾಯಿಯಲ್ಲಿ ಬರೆಸಲು ಒಪ್ಪಿದರು. ಅಡ್ವಾನ್ಸ್ ಆರು ತಿಂಗಳು, 96,000, ಆಮೇಲೆ ಏರಿಸುವಂತಿಲ್ಲ. ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಅಂಗಡಿ ಶುರುವಾಗಲಿ ಅಂತ ಅವರೇ ಹೇಳಿದರು.

ಆದರೆ ರಿಜಿಸ್ಟರ್ ಅಂದ ಕೂಡಲೇ ಮುಖ ಬದಲಾಯಿತು. "ಅದೆಲ್ಲ ಯಾಕೆ, ನಂಬಿಕೆ ಇಲ್ಲವಾ" ಅಂದರು. ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ.

ಹಳೇ_ಪತ್ರಬರಹ
ಖಾತೆ ಯಾರ ಹೆಸರಲ್ಲಿದೆ ಕೇಳಿದಿರಾ? ರಿಜಿಸ್ಟರ್ ಬೇಡ ಅನ್ನುವವರಲ್ಲಿ ಶುಲ್ಕ ಉಳಿಸುವವರು ಕೆಲವರು, ಆದಾಯ ತೋರಿಸಲು ಇಷ್ಟವಿಲ್ಲದವರು ಕೆಲವರು. ಶುಲ್ಕದ ಮಾತಾದರೆ ನಾನೇ ಕಟ್ಟುತ್ತೇನೆ ಅಂತ ಹೇಳಿ ಬಗೆಹರಿಸಬಹುದು. ಮೂರನೇ ಥರದವರ ಹೆಸರಿಗೆ ಆಸ್ತಿಯೇ ಇರೋದಿಲ್ಲ. ನಾನು ಕಂಡದ್ದರಲ್ಲಿ ತೊಂದರೆ ಬಂದದ್ದು ಈ ಮೂರನೆಯವರಿಂದ.

ಸೂಜಿದಾರ_ಹಾಸನ
ಇವತ್ತು ಕೇಳಿದೆ ಸರ್. ಖಾತೆ ಇನ್ನೂ ತೀರಿಹೋದ ಅವರ ತಂದೆಯ ಹೆಸರಲ್ಲಿದೆ. ಇಬ್ಬರು ತಮ್ಮಂದಿರು, ಒಬ್ಬ ತಂಗಿ. ಭಾಗ ಆಗಿಲ್ಲ. ತಮ್ಮಂದಿರು ಒಪ್ಪಿದ್ದಾರೆ ಅಂತಾರೆ, ತಂಗಿ ಮದುವೆಯಾಗಿ ಅರಸೀಕೆರೆಯಲ್ಲಿ ಇದ್ದಾರಂತೆ.

ಕರಿಕೋಟು_ಹಾಸನ
ಹಾಗಾದರೆ ಇವರೊಬ್ಬರೇ ಕೊಟ್ಟ ಐದು ವರ್ಷದ ಮಾತು ಉಳಿದವರನ್ನು ಕಟ್ಟುವುದಿಲ್ಲ. ನಾಳೆ ಭಾಗವಾಗಿ ಆ ಮಳಿಗೆ ತಂಗಿಯ ಪಾಲಿಗೆ ಬಂದರೆ "ನಾನು ನಿಮಗೆ ಬಾಡಿಗೆಗೆ ಕೊಟ್ಟೇ ಇಲ್ಲ" ಅನ್ನಬಹುದು. ನಾಲ್ಕೂ ಜನ ಸಹಿ ಹಾಕಿ ನೋಂದಾಯಿಸಿದರೆ ಮಾತ್ರ ದೊಡ್ಡ ಖರ್ಚು ಮಾಡಿ.

ಹಳೇ_ಪತ್ರಬರಹ
ಸಹಿ ಕೂಡಿಸೋದು ತಡವಾದರೆ ಇನ್ನೊಂದು ದಾರಿ ಇದೆ. 11 ತಿಂಗಳಿಗೇ ಕರಾರು ಮಾಡಿ, ಲಾಕಿನ್ ಇಲ್ಲದೆ, ಅಡ್ವಾನ್ಸ್ ಎರಡೇ ತಿಂಗಳದ್ದು. ಆ ಸ್ಥಿತಿಯಲ್ಲಿ ಅಂಗಡಿಗೆ ಎರಡೂವರೆ ಲಕ್ಷ ಸುರಿಯಬೇಡಿ. ಗೋಡೆಗೆ ಹೊಡೆಯದ, ಬಿಚ್ಚಿ ಒಯ್ಯಬಹುದಾದ ಸ್ಲಾಟೆಡ್ ಆಂಗಲ್ ರ್‍ಯಾಕು ಹಾಕಿ ಶುರು ಮಾಡಿ.

ಶಟರ್‌ಡೌನ್
ಅಕ್ಕಾ, ನನ್ನ ಹಳೇ ಅಂಗಡಿಯ ಸ್ಲಾಟೆಡ್ ಆಂಗಲ್ ರ್‍ಯಾಕ್ ನಾಲ್ಕಿವೆ, ಹೇಮಾವತಿ ನಗರದಲ್ಲಿ ಮನೆ ಮಹಡಿ ಮೇಲೆ ಬಿದ್ದಿವೆ. ಬೇಕಿದ್ರೆ ಮೆಸೇಜ್ ಹಾಕಿ, ಕಮ್ಮಿ ರೇಟಿಗೆ ಕೊಡ್ತೀನಿ.

ಸೂಜಿದಾರ_ಹಾಸನ
ಭಾನುವಾರ ಅವರ ತಂಗಿ ಹಾಸನಕ್ಕೆ ಬರ್ತಾರಂತೆ, ನಾಲ್ವರನ್ನೂ ಒಟ್ಟಿಗೆ ಕೂರಿಸ್ತೀನಿ ಅಂದಿದ್ದಾರೆ. ಗುರುವಾರದ ಸಹಿ ಮುಂದಕ್ಕೆ ಹಾಕಿದೆ. ರ್‍ಯಾಕಿನ ಅಳತೆ ಕಳಿಸು ತಮ್ಮಾ.